ಕುರಿಯ ಕಣ್ಣು, ಕುರಿಯ ಹಿಕ್ಕೆ: ಜಂತುಹುಳುವಿನ ಅಂದಾಜು

ಒಂದು ಕುರಿಯ ಹೊಟ್ಟೆಯಲ್ಲಿ ಎಷ್ಟು ಜಂತುಹುಳುಗಳಿವೆ ಎಂದು ಖಚಿತವಾಗಿ ತಿಳಿಯಲು ಇರುವುದು ಒಂದೇ ದಾರಿ. ಕುರಿ ಸತ್ತ ಮೇಲೆ ಹೊಟ್ಟೆ, ಕರುಳುಗಳನ್ನು ಬಿಚ್ಚಿ, ಒಳಗಿರುವುದನ್ನು ತೊಳೆದು, ಹುಳುಗಳನ್ನು ಎಣಿಸಬೇಕು. ಬದುಕಿರುವ ಕುರಿಯಲ್ಲಿ ನಾವು ಮಾಡುವುದೆಲ್ಲ ಅಂದಾಜು. ಆ ಅಂದಾಜಿಗೆ ಇಂದು ಎರಡು ಒಳ್ಳೆಯ ದಾರಿಗಳಿವೆ. ಒಂದು, ಕಣ್ಣಿನ ಒಳಪೊರೆಯ ಬಣ್ಣವನ್ನು ಕಾರ್ಡಿಗೆ ಹೋಲಿಸಿ ಅಂಕ ಕೊಡುವುದು. ಇನ್ನೊಂದು, ಹಿಕ್ಕೆಯಲ್ಲಿರುವ ಹುಳುವಿನ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು. ಇವೆರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ಪಶುವೈದ್ಯರಲ್ಲೂ ಸಾಕಣೆದಾರರಲ್ಲೂ ಆಗಾಗ ನಡೆಯುತ್ತದೆ. ನನ್ನ ಮಟ್ಟಿಗೆ ಆ ಪ್ರಶ್ನೆಯೇ ಸರಿಯಿಲ್ಲ. ಈ ಕುರಿಗೆ ಇಂದು ಔಷಧ ಬೇಕೇ ಎಂಬುದಕ್ಕೆ ಕಣ್ಣು ಉತ್ತರ ಕೊಡುತ್ತದೆ. ಮೇವಿನ ನೆಲಕ್ಕೆ ಎಷ್ಟು ಮೊಟ್ಟೆ ಬೀಳುತ್ತಿದೆ, ಕುಡಿಸಿದ ಔಷಧ ಕೆಲಸ ಮಾಡಿತೇ ಎಂಬುದಕ್ಕೆ ಹಿಕ್ಕೆ ಉತ್ತರ ಕೊಡುತ್ತದೆ. ಒಂದರಿಂದ ಇನ್ನೊಂದರ ಉತ್ತರ ಕೇಳಿದಾಗಲೇ ಎಡವಟ್ಟಾಗುವುದು.

ಮೊದಲು ಹುಳುವಿನ ವಿಷಯ. ಕುರಿ ಮೇಕೆಗಳಲ್ಲಿ ಹತ್ತಾರು ಬಗೆಯ ಜಂತುಗಳಿದ್ದರೂ ಬೆಚ್ಚಗಿನ, ಮಳೆ ಬೀಳುವ ನಾಡುಗಳಲ್ಲಿ ಹೆಚ್ಚು ಜೀವ ತೆಗೆಯುವುದು ಹೀಮಾಂಕಸ್ ಕಾಂಟಾರ್ಟಸ್. ಇದರ ಮನೆ ಕುರಿಯ ನಾಲ್ಕನೇ ಹೊಟ್ಟೆ. ಹೆಣ್ಣು ಹುಳು ಎರಡರಿಂದ ಮೂರು ಸೆಂಟಿಮೀಟರ್ ಉದ್ದ. ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿ ಅಂಡಾಶಯ ಸುತ್ತಿಕೊಂಡಿರುವುದರಿಂದ ಹೊರಗಿನಿಂದಲೇ ಕೆಂಪು ಬಿಳಿ ಪಟ್ಟೆ ಕಾಣುತ್ತದೆ. ಒಂದು ಹುಳುವಿನಿಂದ ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ನಷ್ಟವಾಗುತ್ತದೆ, ಅಂದರೆ ಒಂದು ಹನಿ. ಆದರೆ ಹುಳುಗಳು ಸಾವಿರವಾದರೆ ದಿನಕ್ಕೆ 50 ಮಿಲಿಲೀಟರ್. ಮೂವತ್ತು ಕೆ.ಜಿ. ತೂಗುವ ಕುರಿಯ ಮೈಯಲ್ಲಿರುವ ಒಟ್ಟು ರಕ್ತ ಎರಡು ಲೀಟರಿನಷ್ಟು. ಲೆಕ್ಕ ಹಾಕಿದರೆ ಇಂಥ ಕುರಿ ಎಷ್ಟು ದಿನ ತಡೆದುಕೊಂಡೀತು ಎಂಬುದು ತಿಳಿಯುತ್ತದೆ. ಹೊಸ ರಕ್ತ ಹುಟ್ಟುವ ವೇಗವನ್ನು ಸೋರಿಕೆ ಮೀರಿದಾಗ ಕಣ್ಣು ಬಿಳಚುತ್ತದೆ, ದವಡೆಯ ಕೆಳಗೆ ನೀರು ತುಂಬಿ ಬಾವು ಬರುತ್ತದೆ. ಎಷ್ಟೋ ಸಲ ಭೇದಿ ಇರುವುದೇ ಇಲ್ಲ. ಹಿಕ್ಕೆ ಗಟ್ಟಿಯಾಗಿದೆ, ಆದ್ದರಿಂದ ಜಂತು ಇಲ್ಲ ಎಂದು ನಂಬುವವರು ಇಲ್ಲಿಯೇ ಮೋಸ ಹೋಗುತ್ತಾರೆ.

ಬಣ್ಣದ ಕಾರ್ಡು ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ, 1990ರ ದಶಕದಲ್ಲಿ. ಅಲ್ಲಿ ಇಡೀ ಹಿಂಡಿಗೆ ಪದೇಪದೇ ಜಂತುನಾಶಕ ಕುಡಿಸಿದ ಫಲವಾಗಿ ಹೀಮಾಂಕಸ್ ಹುಳು ಒಂದಾದ ಮೇಲೊಂದು ಔಷಧವನ್ನು ಜಯಿಸಿತ್ತು. ಕೆಲವು ಜಮೀನುಗಳಲ್ಲಿ ಯಾವ ಔಷಧವೂ ನಾಟದ ಸ್ಥಿತಿ ಬಂತು. ಪಶುವೈದ್ಯ ಫಾಫಾ ಮಲಾನ್ ಕಣ್ಣಿನ ಬಣ್ಣಕ್ಕೂ ರಕ್ತಹೀನತೆಗೂ ಇರುವ ನಂಟನ್ನು ಹಿಡಿದು ಒಂದು ಪಟ್ಟಿ ರೂಪಿಸಿದರು. ಪ್ರಿಟೋರಿಯಾ ವಿಶ್ವವಿದ್ಯಾಲಯದ ಗ್ಯಾರೆತ್ ಬಾತ್ ಮತ್ತು ಯಾನ್ ವಾನ್ ವೈಕ್ ಜೊತೆಗೂಡಿ ಅದನ್ನು ಪರೀಕ್ಷಿಸಿ ಬಳಕೆಗೆ ತಂದರು. ಮಲಾನ್ ಹೆಸರಿನಿಂದಲೇ ಅದಕ್ಕೆ ಫಮಾಚಾ ಎಂಬ ಹೆಸರು ಬಂತು. ಹಿಂಡಿನಲ್ಲಿ ಹುಳುಗಳು ಎಲ್ಲ ಕುರಿಗಳಿಗೂ ಸಮನಾಗಿ ಹಂಚಿಹೋಗಿರುವುದಿಲ್ಲ ಎಂಬುದು ಈ ಕೆಲಸದ ಬುನಾದಿ. ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಪಾಲಿನಷ್ಟು ಕುರಿಗಳೇ ಹೆಚ್ಚಿನ ಹುಳುಗಳನ್ನು ಹೊತ್ತಿರುತ್ತವೆ. ಹಾಗಾದರೆ ಅವುಗಳನ್ನು ಹುಡುಕಿ ಅವಕ್ಕಷ್ಟೇ ಔಷಧ ಕೊಟ್ಟರೆ ಸಾಕು.

ಕಾರ್ಡಿನಲ್ಲಿ ಐದು ಬಣ್ಣಗಳಿವೆ. ಒಂದು ಎಂದರೆ ಕಡುಕೆಂಪು, ಐದು ಎಂದರೆ ಬಿಳಿ. ಪ್ರತಿ ಬಣ್ಣದ ಹಿಂದೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂಬ ಅಳತೆ ಇದೆ. ಒಂದನೇ ಅಂಕದ ಕುರಿಯಲ್ಲಿ ಆ ಪಾಲು ಶೇ 28 ಅಥವಾ ಹೆಚ್ಚು. ಎರಡರಲ್ಲಿ 23ರಿಂದ 27. ಮೂರರಲ್ಲಿ 18ರಿಂದ 22. ನಾಲ್ಕರಲ್ಲಿ 13ರಿಂದ 17. ಐದರಲ್ಲಿ 12 ಅಥವಾ ಕಡಿಮೆ. ಐದನೇ ಅಂಕ ಬಂದ ಕುರಿ ತನ್ನ ಕೆಂಪು ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡಿರುತ್ತದೆ. ಅಂಥದ್ದನ್ನು ಹಿಡಿಯಲು ಓಡಿಸಿದರೆ ಅಲ್ಲೇ ಬಿದ್ದು ಸಾಯಬಹುದು.

ನೋಡುವ ಕ್ರಮ ಸರಳ, ಆದರೆ ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಕುರಿಯನ್ನು ಬಿಸಿಲ ಬೆಳಕಿಗೆ ಮುಖ ಮಾಡಿ ನಿಲ್ಲಿಸಿ, ನಮ್ಮ ನೆರಳು ಕಣ್ಣಿನ ಮೇಲೆ ಬೀಳದಂತೆ ನಿಲ್ಲಬೇಕು. ರೊಪ್ಪದೊಳಗಿನ ಬಲ್ಬಿನ ಬೆಳಕಿನಲ್ಲಿ ಬಣ್ಣ ನಂಬುವಂತಿಲ್ಲ. ಮೇಲಿನ ರೆಪ್ಪೆಯನ್ನು ಒಂದು ಕೈಯ ಹೆಬ್ಬೆರಳಿನಿಂದ ಇಳಿಸಿ ಕಣ್ಣನ್ನು ಪೂರ್ತಿ ಮುಚ್ಚಬೇಕು. ಮುಚ್ಚಿದ ರೆಪ್ಪೆಯ ಮೇಲಿಂದ ಗುಡ್ಡೆಯನ್ನು ಮೆಲ್ಲಗೆ ಹಿಂದಕ್ಕೆ ಒತ್ತಬೇಕು. ಒತ್ತಡ ಸರಿಯಾಗಿದ್ದರೆ ಮೇಲಿನ ರೆಪ್ಪೆಗೂದಲು ಹೆಬ್ಬೆರಳಿನ ಮೇಲೆ ಸುರುಳಿಯಾಗಿ ಏಳುತ್ತದೆ. ಆಗ ಇನ್ನೊಂದು ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಎಳೆದರೆ ಒಳಪೊರೆ ಉಬ್ಬಿ ಹೊರಗೆ ಬರುತ್ತದೆ. ನೋಡಬೇಕಾದದ್ದು ಹೀಗೆ ಉಬ್ಬಿ ಬಂದ ಪೊರೆಯ ನಡುಭಾಗವನ್ನು, ರೆಪ್ಪೆಯ ಅಂಚನ್ನಲ್ಲ. ಬರಿದೇ ಕೆಳರೆಪ್ಪೆ ಎಳೆದು ಅಂಚನ್ನು ನೋಡುವವರಿಗೆ ಎಲ್ಲ ಕುರಿಗಳೂ ಒಂದೇ ಬಣ್ಣ ಕಾಣುತ್ತವೆ. ಒಂದೆರಡು ಸೆಕೆಂಡಿನಲ್ಲಿ ಅಂಕ ಹೇಳಿಬಿಡಬೇಕು. ತಡ ಮಾಡಿದರೆ ಒತ್ತಡಕ್ಕೇ ಪೊರೆ ಕೆಂಪೇರುತ್ತದೆ. ಎರಡೂ ಕಣ್ಣು ನೋಡಿ, ವ್ಯತ್ಯಾಸವಿದ್ದರೆ ಹೆಚ್ಚು ಬಿಳಚಿದ ಕಣ್ಣಿನ ಅಂಕ ಹಿಡಿಯಬೇಕು. ಎರಡೂವರೆ, ಮೂರೂವರೆ ಎಂದು ಅರ್ಧ ಅಂಕ ಕೊಡುವಂತಿಲ್ಲ. ಅನುಮಾನವಿದ್ದಲ್ಲಿ ಬಿಳಿಯ ಕಡೆಗೇ ವಾಲಬೇಕು.

ಕಾರ್ಡು ಕೈಯಲ್ಲಿ ಇರಲೇಬೇಕು. ನೂರಾರು ಕಣ್ಣು ನೋಡಿ ಅಭ್ಯಾಸವಾದವರೂ ಕಾರ್ಡಿಲ್ಲದೆ ನೋಡುತ್ತ ಹೋದಂತೆ, ಆ ಹಿಂಡಿನ ಸರಾಸರಿ ಬಣ್ಣವನ್ನೇ ಆರೋಗ್ಯದ ಬಣ್ಣ ಎಂದುಕೊಳ್ಳುತ್ತಾರೆ. ಇಡೀ ಹಿಂಡೇ ಬಿಳಚಿದ್ದರೆ ಮೂರು ಎರಡಾಗಿ ಕಾಣುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರ, ಮನೆಯ ಪ್ರಿಂಟರಿನ ಪ್ರತಿ ಇವು ಕಾರ್ಡಿಗೆ ಬದಲಿಯಲ್ಲ, ಏಕೆಂದರೆ ಬಣ್ಣ ಒಂದಿಷ್ಟು ಜರುಗಿದರೂ ಅಂಕ ಬದಲಾಗುತ್ತದೆ. ಅಸಲಿ ಕಾರ್ಡೂ ಬೆಳಕಿಗೆ ಮಾಸುತ್ತದೆ. ಬಳಸದಾಗ ಕತ್ತಲಲ್ಲಿಟ್ಟು, ಕಾಲಕಾಲಕ್ಕೆ ಹೊಸತು ತರಿಸಬೇಕು.

ಈ ವಿಧಾನದ ದೊಡ್ಡ ಮಿತಿ ಎಂದರೆ, ಕಣ್ಣು ತೋರಿಸುವುದು ರಕ್ತಹೀನತೆಯನ್ನು, ಹುಳುವನ್ನಲ್ಲ. ಉಣುಗು, ಚಿಗಟ, ಹೇನು ಮುತ್ತಿದರೂ ಕಣ್ಣು ಬಿಳಚುತ್ತದೆ. ಉಣುಗಿನಿಂದ ಬರುವ ರಕ್ತದ ಪರಾವಲಂಬಿ ರೋಗಗಳೂ, ಬರಗಾಲದ ಅರೆಹೊಟ್ಟೆಯೂ ಹಾಗೆಯೇ. ಕೆರೆಯಂಗಳದಲ್ಲಿ ಮೇಯುವ ಕುರಿಗೆ ಬಸವನಹುಳುವಿನ ಮೂಲಕ ಬರುವ ಯಕೃತ್ತಿನ ಚಪ್ಪಟೆಹುಳುವೂ ಇದೇ ಚಿತ್ರ ಕೊಡುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಕಣ್ಣಿಗೆ ಧೂಳು ಬಿದ್ದಿದ್ದರೆ, ಕಣ್ಣುಬೇನೆ ಇದ್ದರೆ, ನೀಲಿ ನಾಲಿಗೆ ಅಥವಾ ಪಿಪಿಆರ್ ಜ್ವರ ಬಂದಿದ್ದರೆ ರಕ್ತಹೀನ ಕುರಿಯ ಕಣ್ಣೂ ಕೆಂಪಾಗಿ ತೋರುತ್ತದೆ. ನಮ್ಮಲ್ಲಿ ನೀಲಿ ನಾಲಿಗೆಯ ಕಾಲ ಮತ್ತು ಜಂತುವಿನ ಕಾಲ ಎರಡೂ ಮಳೆಗಾಲವೇ ಆದ್ದರಿಂದ ಈ ಎಚ್ಚರ ಬೇಕು. ಇನ್ನು ಟ್ರೈಕೋಸ್ಟ್ರಾಂಜಿಲಸ್‌ನಂಥ ಹುಳುಗಳು ಭೇದಿ ಮಾಡಿಸಿ ಕುರಿಯನ್ನು ಬಡಕಲು ಮಾಡುತ್ತವೆಯೇ ಹೊರತು ಕಣ್ಣು ಬಿಳಚಿಸುವುದಿಲ್ಲ. ಅವುಗಳ ವಿಷಯದಲ್ಲಿ ಕಾರ್ಡು ಕುರುಡು. ಇದೇ ಕಾರಣಕ್ಕೆ ಬಾತ್ ಮತ್ತು ವಾನ್ ವೈಕ್ ಮುಂದೆ ಕಣ್ಣಿನ ಜೊತೆಗೆ ಮೂಗು, ದವಡೆ, ಬೆನ್ನಿನ ಮಾಂಸ, ಬಾಲದ ಸುತ್ತಲಿನ ಕೊಳೆ ಇವನ್ನೂ ನೋಡುವ ಕ್ರಮ ಹಾಕಿಕೊಟ್ಟರು. ಮೇಕೆಗಳಲ್ಲಿ ಬಣ್ಣಗಳ ಅಂತರ ಇನ್ನೂ ಸೂಕ್ಷ್ಮ. ಹಾಗಾಗಿ ಮೇಕೆಗೆ ಮೂರನೇ ಅಂಕದಲ್ಲೇ ಔಷಧ ಕೊಡುವುದು ಕ್ಷೇಮ.

ಈಗ ಹಿಕ್ಕೆಯ ಕಡೆಗೆ ಬರೋಣ. ಎಣಿಕೆಯ ಗಾಜಿನ ಕೋಶಕ್ಕೆ ಮ್ಯಾಕ್‌ಮಾಸ್ಟರ್ ಎಂಬ ಹೆಸರು ಬಂದದ್ದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿದ್ದ ಅದೇ ಹೆಸರಿನ ಪ್ರಯೋಗಾಲಯದಿಂದ. 1939ರಲ್ಲಿ ಗಾರ್ಡನ್ ಮತ್ತು ವಿಟ್‌ಲಾಕ್ ಪ್ರಕಟಿಸಿದ ಆ ವಿಧಾನವೇ ಸಣ್ಣಪುಟ್ಟ ಬದಲಾವಣೆಯೊಂದಿಗೆ ಇಂದಿಗೂ ನಡೆಯುತ್ತಿದೆ. ಹಿಕ್ಕೆಯನ್ನು ಗುದದ್ವಾರದಿಂದಲೇ ತೆಗೆಯಬೇಕು. ನೆಲದ ಮೇಲಿನದು ಯಾವ ಕುರಿಯದೋ, ಯಾವ ಹೊತ್ತಿನದೋ ತಿಳಿಯದು. ಮಣ್ಣಿನಲ್ಲಿ ತಾನಾಗಿ ಬದುಕುವ ಹುಳುಗಳೂ ಅದಕ್ಕೆ ಸೇರಿಕೊಳ್ಳುತ್ತವೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಒಂದೇ ದಿನದಲ್ಲಿ ಒಡೆದು ಮರಿಹುಳುವಾಗಿಬಿಡುತ್ತದೆ, ಆಗ ಎಣಿಸಲು ಏನೂ ಉಳಿಯುವುದಿಲ್ಲ. ಆದ್ದರಿಂದ ಚೀಲದ ಗಾಳಿ ಹಿಂಡಿ ತೆಗೆದು, ಕಟ್ಟಿ, ತಂಪಿನಲ್ಲಿಟ್ಟು ಬೇಗ ಪ್ರಯೋಗಾಲಯ ಮುಟ್ಟಿಸಬೇಕು.

ಅಲ್ಲಿ ಎರಡು ಗ್ರಾಂ ಹಿಕ್ಕೆಯನ್ನು 28 ಮಿಲಿಲೀಟರ್ ಉಪ್ಪಿನ ಸಾಂದ್ರ ದ್ರಾವಣದಲ್ಲಿ ಚೆನ್ನಾಗಿ ಕದಡಿ ಜರಡಿಯಲ್ಲಿ ಸೋಸುತ್ತಾರೆ. ಒಟ್ಟು 30 ಮಿಲಿಲೀಟರ್ ಆಯಿತು. ಅದನ್ನು ಅಲುಗಿಸುತ್ತಲೇ ಪಿಪೆಟ್ಟಿನಿಂದ ತೆಗೆದು ಎರಡೂ ಕೋಶಗಳಿಗೆ ತುಂಬುತ್ತಾರೆ. ಅಲುಗಿಸದೆ ಬಿಟ್ಟರೆ ಮೊಟ್ಟೆಗಳು ತೇಲಿ ಮೇಲೆ ಸೇರಿ ಎಣಿಕೆ ತಪ್ಪುತ್ತದೆ. ಕೆಲವು ನಿಮಿಷ ಬಿಟ್ಟರೆ ಉಪ್ಪುನೀರಿಗಿಂತ ಹಗುರಾದ ಮೊಟ್ಟೆಗಳು ಮೇಲಿನ ಗಾಜಿಗೆ ಅಂಟಿದಂತೆ ನಿಲ್ಲುತ್ತವೆ. ಸೂಕ್ಷ್ಮದರ್ಶಕವನ್ನು ಗಾಜಿನ ಗೆರೆಗಳಿಗೆ ಹೊಂದಿಸಿ, ಗೆರೆಗಳ ಒಳಗಿನ ಮೊಟ್ಟೆಗಳನ್ನಷ್ಟೇ ಎಣಿಸಬೇಕು. ಪ್ರತಿ ಕೋಶದ ಗೆರೆಗಳ ಕೆಳಗೆ 0.15 ಮಿಲಿಲೀಟರ್ ದ್ರವ ಇರುತ್ತದೆ. ಎರಡು ಕೋಶ ಸೇರಿ 0.3 ಮಿಲಿಲೀಟರ್, ಅಂದರೆ ಒಟ್ಟು ದ್ರವದ ನೂರನೇ ಒಂದು ಭಾಗ. ಅದರಲ್ಲಿರುವ ಹಿಕ್ಕೆ ಒಂದು ಗ್ರಾಂನ ಐವತ್ತನೇ ಒಂದು ಭಾಗ. ಆದ್ದರಿಂದ ಎರಡೂ ಕೋಶಗಳಲ್ಲಿ ಕಂಡ ಮೊಟ್ಟೆಗಳನ್ನು ಕೂಡಿ 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿರುವ ಮೊಟ್ಟೆಗಳ ಸಂಖ್ಯೆ ಸಿಗುತ್ತದೆ. 37 ಮೊಟ್ಟೆ ಕಂಡರೆ ಗ್ರಾಂಗೆ 1850. ಒಂದೂ ಕಾಣಲಿಲ್ಲ ಎಂದರೆ ಮೊಟ್ಟೆ ಇಲ್ಲವೇ ಇಲ್ಲ ಎಂದಾಗುವುದಿಲ್ಲ. 50ರ ಆಸುಪಾಸಿಗೆ ಇರುವುದು ಈ ಬಲೆಗೆ ಬೀಳದೆ ಹೋಗಬಹುದು. ನಾಲ್ಕು ಮೊಟ್ಟೆ ಕಂಡು 200 ಎಂದು ಬರೆದ ಮಾದರಿಯನ್ನೇ ಮತ್ತೆ ಎಣಿಸಿದರೆ ಎರಡೋ ಏಳೋ ಕಾಣಬಹುದು. ಹಾಗಾಗಿ 200ಕ್ಕೂ 300ಕ್ಕೂ ವ್ಯತ್ಯಾಸ ಹುಡುಕುವುದು ವ್ಯರ್ಥ, 200ಕ್ಕೂ 2000ಕ್ಕೂ ಇರುವ ವ್ಯತ್ಯಾಸ ಮಾತ್ರ ನಿಜ.

ಈ ಸಂಖ್ಯೆಗೂ ಹುಳುಗಳ ಸಂಖ್ಯೆಗೂ ಏನು ಸಂಬಂಧ? ಸಾವಿರ ಹುಳುಗಳಿವೆ, ಅದರಲ್ಲಿ ಅರ್ಧ ಹೆಣ್ಣು ಎಂದುಕೊಳ್ಳೋಣ. ಒಂದು ಹೆಣ್ಣು ಹೀಮಾಂಕಸ್ ದಿನಕ್ಕೆ ಐದು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಐದು ಸಾವಿರವೇ ಎಂದು ಹಿಡಿದರೂ ದಿನಕ್ಕೆ 25 ಲಕ್ಷ ಮೊಟ್ಟೆ. ಕುರಿ ದಿನಕ್ಕೆ ಒಂದು ಕೆ.ಜಿ. ಹಿಕ್ಕೆ ಹಾಕಿದರೆ ಗ್ರಾಂಗೆ 2500. ಲೆಕ್ಕ ಚೆನ್ನಾಗಿಯೇ ಇದೆ, ಆದರೆ ಅದರ ಪ್ರತಿ ಹೆಜ್ಜೆಯೂ ಅಲುಗಾಡುತ್ತದೆ. ಭೇದಿಯಾದರೆ ನೀರು ಸೇರಿ ಸಂಖ್ಯೆ ಇಳಿಯುತ್ತದೆ. ಮೇವು ಬಿಟ್ಟ ಕುರಿಯ ಹಿಕ್ಕೆ ಕಡಿಮೆಯಾಗಿ ಸಂಖ್ಯೆ ಏರುತ್ತದೆ. ಈಯುವ ಹೊತ್ತಿನಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಕುಗ್ಗುವುದರಿಂದ ಮೊಟ್ಟೆ ಏಕಾಏಕಿ ಏರುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಕುರಿ ನುಂಗಿದ ಮರಿಹುಳು ಬೆಳೆದು ಮೊಟ್ಟೆ ಇಡಲು ಸುಮಾರು ಮೂರು ವಾರ ಬೇಕು. ಆದರೆ ಬೆಳೆಯುವ ಹಂತದಲ್ಲೇ ಅದು ರಕ್ತ ಹೀರತೊಡಗುತ್ತದೆ. ಒಳ್ಳೆಯ ಮಳೆಯ ನಂತರ ಸಾವಿರಾರು ಮರಿಹುಳುಗಳು ಒಮ್ಮೆಗೇ ಹೊಟ್ಟೆ ಸೇರಿದರೆ ಕಣ್ಣು ಬಿಳಿಚಿರುತ್ತದೆ, ಹಿಕ್ಕೆಯಲ್ಲಿ ಮಾತ್ರ ಮೊಟ್ಟೆ ಇರುವುದಿಲ್ಲ. ವರದಿಯಲ್ಲಿ 100 ಎಂದಿದೆ ಎಂದು ಕಾದು ಕುಳಿತರೆ ಕುರಿ ಉಳಿಯುವುದಿಲ್ಲ.

ಇನ್ನೊಂದು ತೊಡಕು. ಹೀಮಾಂಕಸ್‌ನ ಮೊಟ್ಟೆಗೂ ಅದೇ ಬಳಗದ ಇತರ ಹುಳುಗಳ ಮೊಟ್ಟೆಗೂ ಸೂಕ್ಷ್ಮದರ್ಶಕದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಲಾಡಿಹುಳು, ಚಾಟಿಹುಳುಗಳ ಮೊಟ್ಟೆಯನ್ನು ಆಕಾರದಿಂದಲೇ ಬೇರೆ ಮಾಡಬಹುದು, ಆದರೆ ಹೀಮಾಂಕಸ್ ಎಷ್ಟು ಎಂಬುದನ್ನು ಹೇಳಲು ಹಿಕ್ಕೆಯನ್ನು ಒಂದು ವಾರದಿಂದ ಹತ್ತು ದಿನ ಬೆಚ್ಚಗೆ, ತೇವದಲ್ಲಿ ಇಟ್ಟು ಹೊರಬಂದ ಮರಿಹುಳುಗಳನ್ನು ಗುರುತಿಸಬೇಕು. ಹೀಗೆ ಬೆಳೆಸಲು ಕಳಿಸುವ ಹಿಕ್ಕೆಯನ್ನು ಫ್ರಿಜ್ಜಿನಲ್ಲಿಡಬಾರದು, ಚಳಿಗೆ ಹೀಮಾಂಕಸ್‌ನ ಮೊಟ್ಟೆಗಳೇ ಮೊದಲು ಕೆಡುತ್ತವೆ. ಚಪ್ಪಟೆಹುಳುಗಳ ಭಾರವಾದ ಮೊಟ್ಟೆಗಳು ಉಪ್ಪುನೀರಿನಲ್ಲಿ ತೇಲುವುದೇ ಇಲ್ಲ. ಅವಕ್ಕೆ ನೀರಿನಲ್ಲಿ ಕದಡಿ ತಳಕ್ಕೆ ಇಳಿಸಿ ನೋಡುವ ಪರೀಕ್ಷೆ ಬೇಕು, ಅದನ್ನು ಕೇಳಿ ಮಾಡಿಸಿಕೊಳ್ಳಬೇಕು.

ಎರಡನ್ನೂ ಜೋಡಿಸಿದರೆ ಏನಾಗುತ್ತದೆ ಎಂಬುದನ್ನು ನೋಡಲು ಒಂದು ಹಿಂಡನ್ನು ಊಹಿಸಿಕೊಳ್ಳೋಣ. ಚಿತ್ರದುರ್ಗದ ಕಡೆಯ ಡೆಕ್ಕನಿ ಕುರಿಗಳು, ನಲವತ್ತು ಹೆಣ್ಣು, ಮಳೆ ಹಿಡಿದು ಒಂದೂವರೆ ತಿಂಗಳಾಗಿದೆ. ಕಣ್ಣು ನೋಡಿದಾಗ ಒಂದನೇ ಅಂಕಕ್ಕೆ ಆರು, ಎರಡಕ್ಕೆ ಹದಿನೇಳು, ಮೂರಕ್ಕೆ ಹನ್ನೊಂದು, ನಾಲ್ಕಕ್ಕೆ ಐದು, ಐದಕ್ಕೆ ಒಂದು ಬಂತು. ನಾಲ್ಕು ಮತ್ತು ಐದರವಕ್ಕೆ ಯಾವಾಗಲೂ ಔಷಧ ಕೊಡಲೇಬೇಕು, ಅವು ಆರು. ನಲವತ್ತರಲ್ಲಿ ಆರು ಎಂದರೆ ಶೇ 15. ಈ ಪ್ರಮಾಣ ಶೇ 10 ದಾಟಿದಾಗ ಮೂರನೇ ಅಂಕದವಕ್ಕೂ ಕೊಡಬೇಕು, ಮತ್ತೆ ನೋಡುವ ಅವಧಿಯನ್ನು ಒಂದೆರಡು ವಾರಕ್ಕೆ ಇಳಿಸಬೇಕು, ಸಾಧ್ಯವಾದರೆ ಮೇಯುವ ಜಾಗ ಬದಲಿಸಬೇಕು. ಹೀಗೆ ಔಷಧ ಪಡೆದವು ಹದಿನೇಳು, ಪಡೆಯದವು ಇಪ್ಪತ್ತಮೂರು. ಹಿಂಡು ದಷ್ಟಪುಷ್ಟವಾಗಿದ್ದು ಶೇ 10ರ ಒಳಗೇ ಇದ್ದಿದ್ದರೆ ಮೂರರವುಗಳಲ್ಲಿ ಮರಿಗಳಿಗೆ, ಗಬ್ಬದವಕ್ಕೆ, ಹಾಲೂಡುವವಕ್ಕೆ, ಬಡಕಲಾದವಕ್ಕೆ ಮಾತ್ರ ಕೊಟ್ಟರೆ ಸಾಕಿತ್ತು.

ಔಷಧ ಪಡೆಯದ ಇಪ್ಪತ್ತಮೂರರ ಹೊಟ್ಟೆಯಲ್ಲೂ ಹುಳುಗಳಿವೆ. ಅವನ್ನು ಬಿಟ್ಟದ್ದು ಉದಾಸೀನದಿಂದಲ್ಲ. ಔಷಧ ಕೊಟ್ಟ ಕುರಿಗಳಲ್ಲಿ ಉಳಿಯುವುದು ಔಷಧವನ್ನು ಜಯಿಸಿದ ಹುಳು ಮಾತ್ರ. ಎಲ್ಲ ನಲವತ್ತಕ್ಕೂ ಕುಡಿಸಿದ್ದರೆ ಮುಂದೆ ನೆಲಕ್ಕೆ ಬೀಳುವ ಮೊಟ್ಟೆಗಳೆಲ್ಲ ಆ ಹುಳುಗಳದ್ದೇ ಆಗುತ್ತಿದ್ದವು. ಇಪ್ಪತ್ತಮೂರು ಕುರಿಗಳ ಹುಳುಗಳು ಇನ್ನೂ ಔಷಧಕ್ಕೆ ಬಗ್ಗುವ ತಳಿಯನ್ನು ನೆಲಕ್ಕೆ ಸೇರಿಸುತ್ತ, ಗೆದ್ದ ಹುಳುಗಳ ಪಾಲನ್ನು ಕಡಿಮೆ ಇಡುತ್ತವೆ. ವರ್ಷಕ್ಕೆ ಇಷ್ಟು ಸಲ ಎಂದು ತಾರೀಖು ಹಾಕಿಕೊಂಡು ಇಡೀ ಹಿಂಡಿಗೆ ಕುಡಿಸುವ ರೂಢಿಯನ್ನು, ಅದರಲ್ಲೂ ನೆಲದಲ್ಲಿ ಮರಿಹುಳುಗಳೇ ಇಲ್ಲದ ಸುಡುಬೇಸಿಗೆಯಲ್ಲಿ ಕುಡಿಸುವುದನ್ನು, ನಾನು ಗಟ್ಟಿಯಾಗಿ ವಿರೋಧಿಸುವುದು ಇದಕ್ಕೇ.

ಅದೇ ಹಿಂಡಿನಲ್ಲಿ ಹತ್ತು ಕುರಿಗಳ ಹಿಕ್ಕೆ ತೆಗೆದು ನೋಡಿದೆವು ಎನ್ನಿ. ಹೆಚ್ಚಿನವುಗಳಲ್ಲಿ ಕಣ್ಣೂ ಎಣಿಕೆಯೂ ಒಂದೇ ಮಾತು ಹೇಳುತ್ತವೆ. ಆದರೆ ಒಂದು ಕುರಿಯ ಕಣ್ಣು ಎರಡನೇ ಅಂಕ, ಎಣಿಕೆ 3000. ಇದು ಹುಳು ಹೊತ್ತೂ ತಾಳಿಕೊಳ್ಳುವ ಕುರಿ. ರಕ್ತ ಸೋರಿದಷ್ಟೂ ತುಂಬಿಕೊಳ್ಳುತ್ತಿದೆ. ಅದಕ್ಕೆ ಇಂದು ಔಷಧ ಬೇಡ, ಆದರೆ ಇಡೀ ಹಿಂಡಿನ ನೆಲಕ್ಕೆ ಮೊಟ್ಟೆ ಸುರಿಯುತ್ತಿರುವುದು ಇಂಥದ್ದೇ. ಅದರ ಗಂಡುಮರಿಯನ್ನು ಬೀಜದ ಟಗರಾಗಿ ಇಟ್ಟುಕೊಳ್ಳಬಾರದು. ಕಣ್ಣು ಒಂದೋ ಎರಡೋ ಇದ್ದು ಎಣಿಕೆಯೂ ಸತತವಾಗಿ ಕಡಿಮೆ ಇರುವ ತಾಯಿಯ ಮರಿ ಅದಕ್ಕೆ ಯೋಗ್ಯ. ಅದು ಹುಳುವನ್ನೇ ಹತ್ತಿಕ್ಕುವ ಕುರಿ. ಬರಿ ಕಣ್ಣು ನೋಡಿ ಇವೆರಡನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಮತ್ತೊಂದು ಕುರಿಯ ಕಣ್ಣು ನಾಲ್ಕು, ಎಣಿಕೆ ಬರಿ 150. ಔಷಧ ಕೊಟ್ಟದ್ದು ಸರಿಯೇ, ಏಕೆಂದರೆ ಎಳೆ ಹುಳುಗಳಿರಬಹುದು. ಆದರೆ ಅಲ್ಲಿಗೇ ನಿಲ್ಲಬಾರದು. ಮೈ ಸವರಿ ಉಣುಗು ನೋಡಬೇಕು, ಜ್ವರ ನೋಡಬೇಕು, ಕೆರೆ ಬಯಲಿನಲ್ಲಿ ಮೇದಿದ್ದರೆ ಚಪ್ಪಟೆಹುಳುವಿನ ಪರೀಕ್ಷೆ ಮಾಡಿಸಬೇಕು. ಆಲ್ಬೆಂಡಜೋಲ್‌ನ ಮಾಮೂಲಿ ಪ್ರಮಾಣ ಬೆಳೆಯುತ್ತಿರುವ ಚಪ್ಪಟೆಹುಳುವನ್ನು ಕೊಲ್ಲುವುದಿಲ್ಲ.

ಐದನೇ ಅಂಕದ ಕುರಿ ಔಷಧ ಕುಡಿದ ಮರುದಿನ ಕೆಂಪಾಗುವುದಿಲ್ಲ. ಹುಳು ಸತ್ತರೂ ರಕ್ತ ಮತ್ತೆ ತುಂಬಲು ವಾರಗಳು ಬೇಕು, ಹಿಂಡಿ, ಬೇಳೆಹೊಟ್ಟಿನಂಥ ಪ್ರೋಟೀನ್ ಇರುವ ಮೇವು ಬೇಕು. ಎರಡು ವಾರದ ನಂತರ ಕಣ್ಣು ಇನ್ನೂ ಬಿಳಿಚಿದೆ ಎಂದು ಔಷಧವನ್ನೇ ದೂರುವ ಮೊದಲು ಹಿಕ್ಕೆಯನ್ನು ಕೇಳಬೇಕು. ಔಷಧ ನಾಟಿತೇ ಇಲ್ಲವೇ ಎಂದು ತಿಳಿಯಲು ರೈತನ ಕೈಗೆಟುಕುವ ದಾರಿ ಮೊಟ್ಟೆ ಎಣಿಕೆಯೇ. ಕುಡಿಸುವ ದಿನ ಹತ್ತು ಹದಿನೈದು ಕುರಿಗಳ ಹಿಕ್ಕೆ ತೆಗೆದು ಎಣಿಸಿ, ಸುಮಾರು ಹದಿನಾಲ್ಕನೇ ದಿನ ಅವೇ ಕುರಿಗಳಲ್ಲಿ ಮತ್ತೆ ಎಣಿಸಬೇಕು. ಮೊದಲು ಸರಾಸರಿ 1600 ಇದ್ದು, ನಂತರ 480 ಇದ್ದರೆ ಇಳಿಕೆ ಶೇ 70 ಮಾತ್ರ. ಕೆಲಸ ಮಾಡುವ ಔಷಧ ಶೇ 95ಕ್ಕಿಂತ ಹೆಚ್ಚು ಇಳಿಸಬೇಕು. ಆದರೆ ತೀರ್ಪು ಕೊಡುವ ಮೊದಲು ಪ್ರಮಾಣ ಸರಿಯಿತ್ತೇ ನೋಡಬೇಕು. ಕಣ್ಣಂದಾಜಿನಲ್ಲಿ ತೂಕ ಹಾಕಿದರೆ ದೊಡ್ಡ ಕುರಿಗೆ ಔಷಧ ಕಡಿಮೆ ಬೀಳುತ್ತದೆ. ಮೇಕೆಯ ಮೈಯಲ್ಲಿ ಔಷಧ ಬೇಗ ಕರಗಿಹೋಗುವುದರಿಂದ ಕುರಿಯ ಪ್ರಮಾಣ ಮೇಕೆಗೆ ಸಾಲದು. ಆಲ್ಬೆಂಡಜೋಲ್‌ನಂಥವನ್ನು ಇಮ್ಮಡಿ ಕೊಡಬೇಕಾಗುತ್ತದೆ, ಲೆವಮಿಸೋಲ್ ಒಂದೂವರೆ ಪಟ್ಟಿಗಿಂತ ಹೆಚ್ಚಾದರೆ ವಿಷವಾಗುತ್ತದೆ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಡಲೇಬಾರದು. ಹಾಗಾಗಿ ಪ್ರಮಾಣವನ್ನು ಪಶುವೈದ್ಯರಿಂದಲೇ ಬರೆಸಿಕೊಳ್ಳಬೇಕು.

ಇಷ್ಟಕ್ಕೆಲ್ಲ ಊರೂರಿನಲ್ಲಿ ಪ್ರಯೋಗಾಲಯ ಎಲ್ಲಿದೆ ಎಂದು ಕುರಿಗಾಹಿಗಳು ಕೇಳುವುದು ನ್ಯಾಯವೇ. ಊರಿಂದ ಊರಿಗೆ ಹಿಂಡು ಹೊಡೆಯುವವರಿಗೆ ಪ್ರತಿ ಕುರಿಯ ಮೊಟ್ಟೆ ಎಣಿಕೆ ಆಗದ ಮಾತು, ಅದರ ಅಗತ್ಯವೂ ಇಲ್ಲ. ಕಣ್ಣು ನೋಡುವುದನ್ನು ಪಶುವೈದ್ಯರ ಕೈಯಲ್ಲಿ ಒಮ್ಮೆ ಸರಿಯಾಗಿ ಕಲಿತು, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ ನೋಡಿ. ಔಷಧ ಪಡೆದ ಕುರಿಯ ಕಿವಿಗೋ ಕೊಂಬಿಗೋ ಗುರುತು ಹಾಕಿ. ಒಂದೇ ಮಳೆಗಾಲದಲ್ಲಿ ಮೂರು ಗುರುತು ಬಿದ್ದ ಕುರಿಯನ್ನು ಮುಂದಿನ ಸಂತೆಗೆ ಹೊಡೆಯಿರಿ. ಹಿಕ್ಕೆಯ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ, ಮಳೆಗಾಲದ ಮೊದಲ ಔಷಧದ ದಿನ ಮತ್ತು ಅದರ ಹದಿನಾಲ್ಕನೇ ದಿನ, ಹತ್ತು ಕುರಿಗಳಲ್ಲಿ ಮಾಡಿಸಿ, ಆ ವರ್ಷ ಯಾವ ಔಷಧ ಕೊಳ್ಳಬೇಕು ಎಂಬುದನ್ನು ಆ ವರದಿ ನೋಡಿಯೇ ತೀರ್ಮಾನಿಸಿ.